ರೊಟ್ಟಿ ಆರೋದರೊಳಗೆ ಮುಗಿಸಿ: ಬೀಗರ ಊಟಕ್ಕೆ ಒಂದು ನಿಮಿಷದ ಸ್ವಾಗತದ ಮಾತು

ನಮ್ಮ ಕಡೆ ಊಟಕ್ಕೆ ಮುಂಚೆ ಭಾಷಣ ಮಾಡುವ ರೂಢಿ ಇಲ್ಲ. "ಬರ್ರಿ, ಕುಂದರ್ರಿ, ಸಾವಕಾಶ ಆಗಲಿ" ಅಂದರೆ ಸ್ವಾಗತ ಮುಗಿಯಿತು. ಆದರೆ ಪುಣೆ, ಬೆಂಗಳೂರಲ್ಲಿ ಕೆಲಸಕ್ಕಿರುವ ಹುಡುಗರು ಈಗ ಮನೆಯಲ್ಲೂ ಗ್ಲಾಸು ಎತ್ತಿ ನಾಲ್ಕು ಮಾತು ಆಡಬೇಕು ಅಂತಾರೆ. ಆಡಲಿ, ಚೆನ್ನಾಗಿಯೇ ಇರುತ್ತದೆ. ಬೇರೆ ಕಡೆಯ ಪಾರ್ಟಿಯ ಮಾತನ್ನು ಹಾಗೇ ಎತ್ತಿ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟರೆ ಮಾತ್ರ ಕೂಡುವುದಿಲ್ಲ. ಅಲ್ಲಿ ಕೈಯಲ್ಲಿ ಗ್ಲಾಸು ಹಿಡಿದು ನಿಂತವರಿಗೆ ಅವಸರ ಇರುವುದಿಲ್ಲ. ಇಲ್ಲಿ ಹಂಚಿನ ಮೇಲೆ ರೊಟ್ಟಿ ಇರುತ್ತದೆ, ತಾಟಿನ ಮುಂದೆ ಹಸಿದ ಹಿರಿಯರು ಇರುತ್ತಾರೆ.

ಎಲ್ಲ ತರಹದ ಊಟಕ್ಕೂ ಹೊಂದುವ ಮಾತು ಅಂತ ಒಂದಿಲ್ಲ. ಆದ್ದರಿಂದ ಹೆಚ್ಚು ಅಂಜಿಕೆ ಹುಟ್ಟಿಸುವ ಒಂದೇ ಸಂದರ್ಭ ತೆಗೆದುಕೊಳ್ಳೋಣ: ಮದುವೆ ಆದ ಮೇಲೆ ಬೀಗರು ಮೊದಲ ಸಲ ಮನೆಗೆ ರಾತ್ರಿ ಊಟಕ್ಕೆ ಬರುವುದು. ಮನೆ ಬಾಗಲಕೋಟೆಯ ನವನಗರದಲ್ಲಿ. ಬೀಗರು ವಿಜಯಪುರದವರು. ಬೆಳಗಾವಿಗೆ ಕೊಟ್ಟ ಮನೆಮಗಳು ಗಂಡ ಮತ್ತು ಅತ್ತೆಯ ಜೊತೆ ಬಂದಿದ್ದಾಳೆ, ಆ ಅತ್ತೆಗೆ ಮರಾಠಿಯೇ ಮನೆಮಾತು. ಒಟ್ಟು 14 ಮಂದಿ. ಮಾತಾಡುವವನು ಮದುಮಗನ ಅಣ್ಣ.

ಮೊದಲು ಅಪ್ಪನ ಒಪ್ಪಿಗೆ

ಮನೆಯ ಹಿರಿಯರು ಎದುರಿಗೇ ಕೂತಿರುವಾಗ ಕಿರಿಯನೊಬ್ಬ ಎದ್ದು ಸ್ವಾಗತ ಹೇಳಿದರೆ ಬೀಗರ ಕಣ್ಣು ಮೊದಲು ಹೋಗುವುದು ಅಪ್ಪನ ಮುಖದ ಕಡೆ. ಅಪ್ಪನಿಗೆ ವಿಷಯ ಗೊತ್ತಿಲ್ಲ ಅಂತ ಆ ಮುಖದಲ್ಲಿ ಕಂಡರೆ ಮಾತು ಎಷ್ಟು ಚೆಂದ ಇದ್ದರೂ ಅಧಿಕಪ್ರಸಂಗ ಆಗುತ್ತದೆ. ಅದಕ್ಕೆ ಸಂಜೆಯೇ, ಬೀಗರು ಬರುವ ಮುಂಚೆ, "ಅಪ್ಪಾ, ಊಟಕ್ಕ ಕುಂತಾಗ ನಾ ಎರಡ ಮಾತ ಹೇಳ್ಲೇನು?" ಅಂತ ಕೇಳಿಬಿಡಿ. "ನಾನs ಹೇಳತೇನಿ" ಅಂದರೆ ಬಿಟ್ಟುಕೊಡಿ. ಒಪ್ಪಿದರೆ ಇನ್ನೊಂದು ಕೇಳಿಕೊಳ್ಳಿ: ಪಂಕ್ತಿ ಕೂತ ಮೇಲೆ "ನಮ್ಮ ಹುಡುಗ ಎರಡ ಮಾತ ಹೇಳ್ತಾನಂತ, ಕೇಳ್ರಿ" ಅಂತ ಅಪ್ಪನೇ ಅನ್ನಲಿ. ಆ ಒಂದು ವಾಕ್ಯಕ್ಕೆ ಹರಟೆ ತಾನಾಗಿ ನಿಲ್ಲುತ್ತದೆ. ಚಮಚದಿಂದ ಗ್ಲಾಸು ಬಡಿದು ಸದ್ದು ಮಾಡಬೇಕಾಗಿಲ್ಲ. ಹಾಗೆ ಬಡಿದರೆ ನೀರು ಬೇಕೇನೋ ಅಂತ ಯಾರಾದರೂ ತಂಬಿಗೆ ಹಿಡಿದು ಓಡಿ ಬರುತ್ತಾರೆ.

ಯಾವ ಹೊತ್ತಿನಲ್ಲಿ ಏಳಬೇಕು

ಇಡೀ ಕೆಲಸ ಕೆಡುವುದು ಅಥವಾ ಕೂಡುವುದು ಇಲ್ಲಿಯೇ. ಮಾತಿಗೆ ಸರಿಯಾದ ಜಾಗ ಒಂದೇ ಇದೆ: ತಾಟಿಗೆ ಆರಿದರೂ ನಡೆಯುವ ಪದಾರ್ಥ ಬಿದ್ದಿರಬೇಕು, ಬಿಸಿ ಪದಾರ್ಥ ಇನ್ನೂ ಒಳಗೇ ಇರಬೇಕು. ಅಂದರೆ ಉಪ್ಪು, ಉಪ್ಪಿನಕಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೋಸಂಬರಿ, ಹಸಿ ಉಳ್ಳಾಗಡ್ಡಿ, ಮೊಸರು ಇವೆಲ್ಲ ಬಡಿಸಿ ಆಗಿರಲಿ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು ಬಂದಿರಬಾರದು.

ಇದಕ್ಕಿಂತ ಮುಂಚೆ, ಬರೀ ತಾಟು ಇಟ್ಟಾಗ ಎದ್ದರೆ ಮಂದಿ ಇನ್ನೂ ಜಾಗ ಹುಡುಕುತ್ತಿರುತ್ತಾರೆ, ಅರ್ಧ ಜನ ಕೈ ತೊಳೆಯಲು ಹೋಗಿರುತ್ತಾರೆ. ತಡ ಮಾಡಿದರೆ ಇನ್ನೂ ಕಷ್ಟ. ಹಂಚಿನಿಂದ ಇಳಿದ ಮೆತ್ತನೆ ಜೋಳದ ರೊಟ್ಟಿ ಎರಡು ನಿಮಿಷ ಗಾಳಿಗೆ ಬಿದ್ದರೆ ಅಂಚು ಬಿರುಸಾಗಲು ಶುರು. ಚಳಿಗಾಲದಲ್ಲಿ ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟುತ್ತದೆ. ಅದನ್ನು ಮಾಡಿದವರು ಒಳಗಿನಿಂದ ನೋಡುತ್ತಾ ಕಸಿವಿಸಿ ಪಡುತ್ತಿರುತ್ತಾರೆ. ಕಡಕ್ ರೊಟ್ಟಿ ಊಟವಾದರೆ ಈ ಚಿಂತೆ ಇಲ್ಲ, ಅದು ನಾಳೆಯ ತನಕ ಕಾದರೂ ಅಷ್ಟೇ ಕಡಕ್.

ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ, ವಚನ, ಶ್ಲೋಕ ಅಥವಾ "ಹರಹರ ಮಹಾದೇವ" ಹೇಳುವ ರೂಢಿ ಇದ್ದರೆ ನಿಮ್ಮ ಮಾತು ಅದಕ್ಕಿಂತ ಮುಂಚೆ ಬರಬೇಕು, ನಂತರ ಅಲ್ಲ. ಪ್ರಾರ್ಥನೆ ಮುಗಿದರೆ ಕೈ ತುತ್ತಿಗೆ ಹೋಗುತ್ತದೆ, ಅದನ್ನು ತಡೆದು ನಿಲ್ಲಿಸುವುದು ಸರಿಯಲ್ಲ. ತಾಟಿನ ಸುತ್ತ ನೀರು ಬಿಟ್ಟು ಚಿತ್ರಾವತಿ ಇಡುವ ಹಿರಿಯರಿದ್ದರೆ ಇನ್ನೂ ಎಚ್ಚರ ಬೇಕು, ಆಮೇಲೆ ಅವರು ಊಟ ಮುಗಿಯುವ ತನಕ ಮಾತೇ ಆಡದಿರಬಹುದು.

ಊಟಕ್ಕೆ ಮುಂಚೆ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವ ಹಿರಿಯರು ಪಂಕ್ತಿಯಲ್ಲಿ ಇದ್ದೇ ಇರುತ್ತಾರೆ. ಔಷಧಿ ಆದ ಮೇಲೆ ಊಟ ತಡವಾದರೆ ಸಕ್ಕರೆ ಇಳಿದು ಕೈ ನಡುಕ, ಬೆವರು ಶುರುವಾಗಬಹುದು. ಯಾರೋ ಬರುವುದು ತಡವಾಗಿ ಪಂಕ್ತಿ ಕಾಯಬೇಕಾಗಿ ಬಂದರೆ ಅಂಥವರಿಗೆ ಸುಮ್ಮನೆ ಮೊದಲೇ ಬಡಿಸಿ. ಸ್ವಾಗತದ ಮಾತು ಅವರು ಉಣ್ಣುತ್ತಲೇ ಕೇಳಲಿ.

ಇನ್ನು ಅಡುಗೆಮನೆ. ಏಳುವ ಐದು ನಿಮಿಷ ಮುಂಚೆ ಒಳಗೆ ಹೋಗಿ "ಕಾಕು, ಈ ರೊಟ್ಟಿ ತಗದು ಒಲಿ ಸಣ್ಣ ಮಾಡಿ ಒಂದ ನಿಮಿಷ ಹೊರಗ ಬರ್ರಿ" ಅಂತ ಹೇಳಿ ಬನ್ನಿ. ಅಡುಗೆ ಮಾಡಿದವರನ್ನು ಒಳಗೆ ಬಿಟ್ಟು ಹೊರಗೆ ಅವರಿಗೆ ಕೃತಜ್ಞತೆ ಹೇಳುವುದು ಈ ತರಹದ ಮಾತಿನಲ್ಲಿ ಎಲ್ಲರಿಂದ ಆಗುವ ತಪ್ಪು. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಅವರಿಗೆ ಒಂದಕ್ಷರವೂ ಕೇಳಿಸಿರುವುದಿಲ್ಲ. ಹೊರಗೆ ಬಂದು ಬಾಗಿಲ ಹತ್ತಿರ ನಿಂತರೂ ಸಾಕು.

ಆ ಒಂದು ನಿಮಿಷದ ಮಾತು

ಮೇಲಿನ ಮನೆಗೆ ಹೊಂದುವ ಮಾತು ಹೀಗಿರಬಹುದು. 80 ಪದದ ಒಳಗಿದೆ. ಸಾವಕಾಶವಾಗಿ, ನಡುವೆ ಉಸಿರು ತೆಗೆದುಕೊಂಡು ಹೇಳಿದರೆ ಒಂದು ನಿಮಿಷದ ಆಸುಪಾಸು.

"ಎಲ್ಲಾರಿಗೂ ನಮಸ್ಕಾರ್ರೀ. ಮಾವಾರು, ಅತ್ತಿಯಾರು, ವಿಜಯಪುರದಿಂದ ಬಂದ ಎಲ್ಲಾ ಹಿರ್ಯಾರು, ಬೆಳಗಾವಿಯಿಂದ ಬಂದ ನಮ್ಮ ಅಕ್ಕಾ ಮತ್ತ ಅವರ ಮನಿಯವರು, ಬಂದದ್ದು ಭಾಳ ಸಂತೋಷಾತು.

ಮದಿವಿ ದಿನಾ ಅತ್ತಿಯಾರು ಕಡೀ ಪಂಕ್ತಿ ಏಳೂ ತನಕ ನಿಂತು ಬಡಿಸಿದ್ರು. ಅವರ ಜೋಡಿ ಕುಂತು ಉಣ್ಣೂದು ನಮಗ ಆಗಲಿಲ್ಲ. ಇವತ್ತ ಅವರು ಕುಂದರಬೇಕು, ಬಡಸೂ ಪಾಳಿ ನಮ್ದು.

ಅವ್ವಾ, ಕಾಕು ಮಧ್ಯಾಹ್ನದಿಂದ ಒಲಿ ಮುಂದ ಅದಾರ. ಏನ ಮಾಡ್ಯಾರ ಅಂತ ನಾ ಹೇಳೂದಿಲ್ಲ, ತಾಟಿಗೆ ಬಂದ ಮ್ಯಾಲ ನೀವs ಹೇಳ್ರಿ.

ಮಾವಶಿ, ತುಮ್ಹೀ ಆಲಾತ, ಆಮ್ಹಾಲಾ ಖೂಪ ಆನಂದ ಝಾಲಾ.

ಎರಡೂ ಮನಿ ಹಿಂಗs ಕೂಡಿ ಉಣ್ಣೂ ದಿನಾ ಮತ್ತ ಮತ್ತ ಬರಲಿ. ಸಾವಕಾಶ ಆಗಲಿ, ಶುರು ಮಾಡ್ರಿ."

ಇದರಲ್ಲಿ ಐದು ತುಣುಕು ಇವೆ, ಐದಕ್ಕೂ ಒಂದೊಂದು ಕೆಲಸ ಇದೆ. ಮೊದಲನೆಯದು ಯಾರು ಬಂದಿದ್ದಾರೆ ಅಂತ ಗುರುತಿಸುತ್ತದೆ. ಎರಡನೆಯದು ಬಂದವರಲ್ಲಿ ಒಬ್ಬರ ಬಗ್ಗೆ, ಎಲ್ಲರೂ ಕಣ್ಣಾರೆ ಕಂಡ ಒಂದೇ ಸಂಗತಿ ಹೇಳುತ್ತದೆ. ಮಾತಿನ ಜೀವ ಇಲ್ಲಿದೆ. "ಅತ್ತೆಯವರು ತುಂಬಾ ಒಳ್ಳೆಯವರು, ಪ್ರೀತಿಯುಳ್ಳವರು" ಅಂದರೆ ಯಾವ ಮನೆಯ ಅತ್ತೆಗಾದರೂ ಅಂಟಿಸಬಹುದು, ಕೇಳಿದವರಿಗೆ ಏನೂ ಉಳಿಯುವುದಿಲ್ಲ. ಕಡೇ ಪಂಕ್ತಿಯ ತನಕ ನಿಂತು ಬಡಿಸಿದರು ಅಂದರೆ ಅವರ ಮುಖ ಅರಳುತ್ತದೆ, ಪಕ್ಕದಲ್ಲಿ ಕೂತವರು "ಹೂಂನ್ರಿ, ಖರೇ ಐತಿ" ಅಂತಾರೆ. ಹಾಗೆ ಅಂದಾಗ ಮುಂದಿನ ವಾಕ್ಯಕ್ಕೆ ಓಡಬೇಡಿ, ಎರಡು ಕ್ಷಣ ನಿಲ್ಲಿ. ನಮ್ಮ ಕಡೆ ಕೇಳುವವರು ಸುಮ್ಮನೆ ಕೂತು ಕೇಳುವುದಿಲ್ಲ, ನಡುವೆ ಮಾತು ಕೂಡಿಸುತ್ತಾರೆ. ಅದಕ್ಕೆ ಜಾಗ ಬಿಡಬೇಕು.

ಇಂಥ ಸಂಗತಿ ಸಿಗದಿದ್ದರೆ ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: ಮದುವೆಯಲ್ಲಿ ಅವರ ಕಡೆಯವರು ಏನು ಮಾಡಿದ್ದು ನಿಮಗೆ ನೆನಪಿದೆ? ಮಳೆ ಬಂದಾಗ ಪೆಂಡಾಲ ಎತ್ತಿ ಹಿಡಿದದ್ದು, ನಿಮ್ಮ ಅಜ್ಜಿಗೆ ಹೋಗಿ ಕುರ್ಚಿ ತಂದುಕೊಟ್ಟದ್ದು, ಯಾವುದಾದರೂ ಒಂದು ಹೊರಬರುತ್ತದೆ. ಕೊಟ್ಟದ್ದು, ತಗೊಂಡದ್ದು, ಬಂಗಾರ, ಬಟ್ಟೆಯ ವಿಷಯ ಮಾತ್ರ ಹೊಗಳಿಕೆಯಾಗಿಯೂ ಬೇಡ, ಚೇಷ್ಟೆಯಾಗಿಯೂ ಬೇಡ. "ಮಾವಾರು ನಮಗೇನೂ ಕಡಿಮಿ ಮಾಡಿಲ್ಲ" ಅನ್ನುವ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದರೂ ಕೇಳುವ ಹತ್ತು ಮಂದಿ ಒಳಗೊಳಗೇ ಲೆಕ್ಕ ಹಾಕುತ್ತಾರೆ.

ಮೂರನೆಯದು ಅಡುಗೆ ಮಾಡಿದವರಿಗೆ. ಇಲ್ಲಿ ಒಂದು ಚಟ ನಮ್ಮನ್ನು ಕಾಡುತ್ತದೆ: "ಏನೂ ಮಾಡಿಲ್ರೀ, ಬರೀ ರೊಟ್ಟಿ-ಹಿಂಡಿ" ಅನ್ನುವುದು. ವಿನಯ ಹೌದು. ಬಾಗಿಲಲ್ಲಿ ಬೀಗರನ್ನು ಬರಮಾಡಿಕೊಳ್ಳುವಾಗ ಅಂದರೆ ಚೆಂದವೇ. ಆದರೆ ಮಧ್ಯಾಹ್ನದಿಂದ ಹೂರಣ ಅರೆದು, ಎಣ್ಣೆಗಾಯಿಗೆ ಮಸಾಲೆ ತುಂಬಿ ನಿಂತವರ ಎದುರಿಗೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ "ಏನೂ ಮಾಡಿಲ್ಲ" ಅಂದರೆ ಅದು ಅವರ ಕೆಲಸಕ್ಕೆ ಬೀಳುವ ಏಟು. ವಿನಯ ಬೇಕಾದರೆ ಅವರೇ ಹೇಳಿಕೊಳ್ಳಲಿ. ಹಾಗೆಯೇ ಪದಾರ್ಥದ ಪಟ್ಟಿ ಓದುವುದೂ ಬೇಡ. ಹನ್ನೆರಡು ಹೆಸರು ಹೇಳುವಷ್ಟರಲ್ಲಿ ಕಾಲು ನಿಮಿಷ ಹೋಗುತ್ತದೆ, ತಾಟಿಗೆ ಬಂದಾಗ ಹೇಗೂ ಕಾಣುತ್ತದೆ.

ನಾಲ್ಕನೆಯದು ಮರಾಠಿ ವಾಕ್ಯ. ಬೆಳಗಾವಿ ಸಂಬಂಧ ಇರುವ ಮನೆಗಳಲ್ಲಿ ಇದು ಬೇಕಾಗುತ್ತದೆ. ಒಂದೇ ವಾಕ್ಯ ಸಾಕು, ಆದರೆ ಅದನ್ನು ಆ ವ್ಯಕ್ತಿಯ ಮುಖ ನೋಡಿ ಹೇಳಬೇಕು. ಇಡೀ ಮಾತನ್ನು ಎರಡು ಸಲ, ಎರಡು ಭಾಷೆಯಲ್ಲಿ ಹೇಳಲು ಹೋದರೆ ಸಮಯ ದುಪ್ಪಟ್ಟಾಗುತ್ತದೆ. ಅರ್ಧ ಪಂಕ್ತಿ ಎರಡನೇ ಸಲ ಅದನ್ನೇ ಕೇಳುತ್ತಾ ಕೂರಬೇಕು. ಉಚ್ಚಾರ ಅಕ್ಕನ ಹತ್ತಿರ ಒಂದು ಸಲ ಕೇಳಿಕೊಂಡಿರಿ.

ಕೊನೆಯದು ಹಾರೈಕೆ, ಅದರ ಬೆನ್ನಿಗೇ ಊಟಕ್ಕೆ ಅಪ್ಪಣೆ. "ಸಾವಕಾಶ ಆಗಲಿ" ಅನ್ನುವುದು ಮರಾಠಿ ಮನೆಯವರಿಗೂ ಕನ್ನಡ ಮನೆಯವರಿಗೂ ಒಂದೇ ಅರ್ಥದಲ್ಲಿ ಕಿವಿಗೆ ಬೀಳುತ್ತದೆ, ಅದಕ್ಕೇ ಅದನ್ನು ಕೊನೆಗೆ ಇಟ್ಟದ್ದು. ಬಡಿಸುವವರಿಗೂ ಅದೇ ಸೂಚನೆ: ಆ ಪದ ಕೇಳಿದ ಕೂಡಲೇ ರೊಟ್ಟಿ ಬುಟ್ಟಿ ಹೊರಗೆ ಬರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಪ್ರಾರ್ಥನೆ ಇರುವ ಮನೆಯಾದರೆ "ಶುರು ಮಾಡ್ರಿ" ಅನ್ನದೆ "ಅಜ್ಜಾರ, ನೀವು ಪ್ರಾರ್ಥನಾ ಹೇಳ್ರಿ" ಅಂತ ಹಿರಿಯರ ಕೈಗೆ ಒಪ್ಪಿಸಿ ಕೂತುಬಿಡಿ. ಮಾತಿಗೆ ಕೊನೆ ಅಂತ ಒಂದು ಗಟ್ಟಿ ವಾಕ್ಯ ಇಲ್ಲದಿದ್ದರೆ "ಮತ್ತ... ಅಷ್ಟs... ಎಲ್ಲಾರೂ..." ಅಂತ ಎಳೆದಾಡುತ್ತದೆ. ಉಣ್ಣಬೇಕೋ ಬಿಡಬೇಕೋ ತಿಳಿಯದೆ ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹೆಸರು ಹಿಡಿಯುವುದರಲ್ಲಿ ಮುನಿಸು

14 ಮಂದಿಯಲ್ಲಿ ಹನ್ನೊಂದು ಹೆಸರು ಹೇಳಿ ಮೂರು ಬಿಟ್ಟರೆ ಆ ಮೂವರು ಹನ್ನೊಂದನ್ನು ಮರೆಯುವುದಿಲ್ಲ. ಆದ್ದರಿಂದ ಒಂದೋ ಎಲ್ಲರನ್ನೂ ಹೇಳಬೇಕು, ಇಲ್ಲವೇ ಯಾರ ಹೆಸರನ್ನೂ ಹೇಳದೆ ನಂಟಿನಿಂದಲೂ ಊರಿನಿಂದಲೂ ಕರೆಯಬೇಕು. ಎರಡನೆಯದೇ ಸುಲಭ. ಬೀಗರ ಗಂಡ-ಹೆಂಡತಿಯನ್ನು ನಂಟಿನಿಂದ, ಉಳಿದವರನ್ನು "ವಿಜಯಪುರದಿಂದ ಬಂದ ಎಲ್ಲಾ ಹಿರ್ಯಾರು" ಅಂತ ಊರು ಹಿಡಿದು ಹೇಳಿದರೆ ಯಾರೂ ಹೊರಗೆ ಉಳಿಯುವುದಿಲ್ಲ. ಊರುಗಳನ್ನು ಮಾತ್ರ ಎಣಿಸಿಟ್ಟುಕೊಳ್ಳಿ: ಜಮಖಂಡಿಯಿಂದ ಒಬ್ಬರೇ ಬಂದಿದ್ದರೂ ಜಮಖಂಡಿ ಬಿಡಬಾರದು.

ಯಾರನ್ನು ಏನಂತ ಕರೆಯಬೇಕು ಅನ್ನುವುದು ಮಾತಾಡುವವನ ಮೇಲೆ ಹೋಗುತ್ತದೆ. ಅಪ್ಪ ಮಾತಾಡಿದರೆ "ಬೀಗರು, ಬೀಗ್ತ್ಯಾರು" ಸರಿ. ಅಣ್ಣ-ತಮ್ಮಂದಿರು ಅದೇ ಮಾತು ಎತ್ತಿಕೊಂಡರೆ ಅಪ್ಪನ ಸಮಕ್ಕೆ ನಿಂತ ಹಾಗೆ ಕೇಳಿಸುತ್ತದೆ, ಅವರಿಗೆ "ಮಾವಾರು, ಅತ್ತಿಯಾರು" ಒಪ್ಪುತ್ತದೆ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರಮಾವನ ಮನೆಗೇ ಕೊಡುವ ಸಂಬಂಧ ಬಹಳ. ಹಾಗಾಗಿ ಒಬ್ಬರೇ ವ್ಯಕ್ತಿ ಹಳೇ ನಂಟಿನಲ್ಲಿ ಅಕ್ಕ, ಹೊಸ ನಂಟಿನಲ್ಲಿ ಅತ್ತೆ ಆಗಿರುತ್ತಾರೆ. ಆಗ ನೀವು ದಿನಾ ಕರೆಯುವ ಹಳೇ ನಂಟನ್ನೇ ಉಳಿಸಿಕೊಳ್ಳಿ. ಮೂವತ್ತು ವರ್ಷ "ಅಕ್ಕಾ" ಅಂದವರನ್ನು ಆ ರಾತ್ರಿ ಎದ್ದು ನಿಂತು "ಅತ್ತಿಯಾರ" ಅಂದರೆ ಇಡೀ ಪಂಕ್ತಿ ನಗುತ್ತದೆ, ಅವರಿಗೆ ದೂರ ತಳ್ಳಿದಂತೆ ಅನಿಸಿದರೂ ಆಶ್ಚರ್ಯವಿಲ್ಲ.

ಈಚೆಗೆ ತೀರಿಕೊಂಡ ಹಿರಿಯರ ನೆನಪು ಎತ್ತಬೇಕು ಅನಿಸಿದರೆ ಅದು ಸ್ವಾಗತ ಹೇಳಿದ ಕೂಡಲೇ, ಒಂದೇ ವಾಕ್ಯದಲ್ಲಿ ಬಂದು ಹೋಗಲಿ: "ಇವತ್ತ ಅಜ್ಜಾರು ಇರಬೇಕಿತ್ತು, ಭಾಳ ಖುಷಿ ಪಡತಿದ್ರು." ಕೊನೆಗೆ ಇಟ್ಟರೆ ಅಜ್ಜಿಯ ಕಣ್ಣು ತುಂಬಿಕೊಂಡಿರುವಾಗಲೇ ನೀವು "ಶುರು ಮಾಡ್ರಿ" ಅನ್ನಬೇಕಾಗುತ್ತದೆ, ಮೊದಲ ತುತ್ತು ಯಾರಿಗೂ ಇಳಿಯುವುದಿಲ್ಲ. ದುಃಖ ಇನ್ನೂ ಹಸಿ ಇದ್ದರೆ ಮಾತಿನಲ್ಲಿ ತರಲೇಬೇಡಿ. ಪಂಕ್ತಿ ಕೂರುವ ಮುಂಚೆ ಫೋಟೋಕ್ಕೆ ದೀಪ ಹಚ್ಚಿದರೆ ಸಾಕು.

ಗ್ಲಾಸು, ಕೈ, ನಿಲ್ಲುವ ಜಾಗ

ಗ್ಲಾಸಿನಲ್ಲಿ ಮಜ್ಜಿಗೆ, ಪಾನಕ, ಬೆಳಗಾವಿ ಕಡೆಯಾದರೆ ಕೋಕಂ ಶರಬತ್ತು, ಯಾವುದಾದರೂ ಆಗುತ್ತದೆ. ಅರ್ಧ ಮಾತ್ರ ತುಂಬಿ, ಅಂಚಿನ ತನಕ ತುಂಬಿದ್ದನ್ನು ಎತ್ತಿದರೆ ಪಕ್ಕದವರ ಜರಿ ಸೀರೆಗೆ ಬೀಳುತ್ತದೆ. ಕೋಕಂ ಕಲೆ ಬೇಗ ಹೋಗುವುದೂ ಇಲ್ಲ.

ತೊಡಕು ಇರುವುದು ಕೈಯಲ್ಲಿ. ಗ್ಲಾಸು ಹಿಡಿದೇ ಎದ್ದರೆ ನಮಸ್ಕಾರಕ್ಕೆ ಕೈ ಜೋಡಿಸಲು ಆಗುವುದಿಲ್ಲ, ಹಿರಿಯರಿಗೆ ಒಂದು ಕೈ ಎತ್ತಿ "ನಮಸ್ಕಾರ" ಅಂದ ಹಾಗೆ ಆಗುತ್ತದೆ. ಆದ್ದರಿಂದ ಬರಿಗೈಯಲ್ಲಿ ಎದ್ದು, ಎರಡೂ ಕೈ ಜೋಡಿಸಿ ಶುರು ಮಾಡಿ. "ಎರಡೂ ಮನಿ" ಅನ್ನುವ ವಾಕ್ಯಕ್ಕೆ ಬಂದಾಗ ಬಾಗಿ ಬಲಗೈಯಲ್ಲಿ ಗ್ಲಾಸು ಎತ್ತಿ. ಗ್ಲಾಸಿಗೆ ಗ್ಲಾಸು ತಾಗಿಸುವುದು ನಮ್ಮ ಹಿರಿಯರ ಪಂಕ್ತಿಯಲ್ಲಿ ಬೇಡ. ಎಂಜಲು-ಮಡಿ ನೋಡುವವರು, ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು ಇರುತ್ತಾರೆ, ಅವರ ಲೋಟಕ್ಕೆ ನಿಮ್ಮದು ತಾಗಿದರೆ ಆ ಲೋಟ ಹಾಗೇ ಉಳಿಯುತ್ತದೆ. ಎದೆಯ ಮಟ್ಟಕ್ಕೆ ಎತ್ತಿ, ತಲೆ ಬಾಗಿಸಿ, ಒಂದು ಗುಟುಕು ಕುಡಿದರೆ ಸಾಕು. ಉಳಿದವರು ಎತ್ತಿದರೆ ಎತ್ತಲಿ, ಎತ್ತದಿದ್ದರೆ "ಎಲ್ಲಾರೂ ಎತ್ರಿ" ಅಂತ ಒತ್ತಾಯ ಮಾಡಬೇಡಿ. ಉಪವಾಸದವರೂ ಕೂತಿರಬಹುದು.

ನೆಲದ ಮೇಲೆ ಜಮಖಾನೆ ಹಾಸಿ ಕೂತ ಪಂಕ್ತಿಯಲ್ಲಿ ನಟ್ಟನಡುವೆ ನಿಂತರೆ ಹಿರಿಯರು ಕತ್ತೆತ್ತಿ ನೋಡಬೇಕಾಗುತ್ತದೆ. ಸಾಲಿನ ತುದಿಯಲ್ಲಿ, ನಾಲ್ಕು ಹೆಜ್ಜೆ ದೂರ ನಿಲ್ಲಿ. ಕಿವಿ ಮಂದ ಇರುವವರು ಯಾವ ತುದಿಗೆ ಕೂತಿದ್ದಾರೋ ಆ ತುದಿಗೇ ನಿಂತರೆ ದನಿ ಏರಿಸಬೇಕಾಗಿಲ್ಲ. ಟಿವಿ ಆರಿಸಿ. ಫ್ಯಾನು ಮಾತ್ರ ಬೇಸಿಗೆಯಲ್ಲಿ ಆರಿಸಬೇಡಿ, ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ನಿಮ್ಮ ಒಂದು ನಿಮಿಷ ಹತ್ತು ನಿಮಿಷ ಆಗಿಬಿಡುತ್ತದೆ.

ತಯಾರಿ, ಮತ್ತು ದಾರಿ ತಪ್ಪಿದಾಗ

ಮೊಬೈಲಿನಿಂದ ಓದಬೇಡಿ. ಮುಖ ಕೆಳಗೆ ಹೋಗುತ್ತದೆ, ನಡುವೆ ಫೋನೂ ಬರುತ್ತದೆ. ಐದು ತುಣುಕಿನ ಮೊದಲ ಪದ ಮಾತ್ರ ಸಣ್ಣ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ: ನಮಸ್ಕಾರ, ಮದಿವಿ, ಅವ್ವಾ, ಮಾವಶಿ, ಎರಡೂ ಮನಿ. ಹಿಂದಿನ ದಿನ ಗಟ್ಟಿಯಾಗಿ ಮೂರು ಸಲ ಹೇಳಿ ನೋಡಿ, ಗಡಿಯಾರ ಇಟ್ಟುಕೊಂಡು. ಒಬ್ಬರೇ ಹೇಳುವಾಗ 70 ಸೆಕೆಂಡು ದಾಟಿದರೆ ಎರಡನೇ ತುಣುಕಿನಲ್ಲಿ ಕತೆ ಬೆಳೆದಿದೆ ಅಂತ ಅರ್ಥ, ಅಲ್ಲೇ ಕತ್ತರಿಸಿ. ಪಂಕ್ತಿಯಲ್ಲಿ ಮಂದಿಯ ನಗು, "ಹೂಂನ್ರಿ" ಎಲ್ಲ ಸೇರಿ ಅದು ಒಂದೂವರೆ ನಿಮಿಷ ಆಗೇ ಆಗುತ್ತದೆ.

ಮಾತು ಉದ್ದ ಆಯಿತು ಅಂತ ತಿಳಿಯಲು ಕೇಳುವವರ ಮುಖ ನೋಡಬೇಡಿ, ಮರ್ಯಾದೆಗೆ ಅವರು ನಗುತ್ತಲೇ ಇರುತ್ತಾರೆ. ಕೈ ನೋಡಿ. ಯಾರಾದರೂ ಉಳ್ಳಾಗಡ್ಡಿ ಚೂರು ಎತ್ತಿ ಬಾಯಿಗೆ ಹಾಕಿಕೊಂಡರೆ, ಚಿಕ್ಕ ಮಕ್ಕಳು ಹಿಂಡಿಯಲ್ಲಿ ಬೆರಳು ಅದ್ದಿದರೆ, ಉಳಿದದ್ದು ಎಷ್ಟೇ ಇದ್ದರೂ ನೇರ ಕೊನೆಯ ವಾಕ್ಯಕ್ಕೆ ಹಾರಿ. ಆದರೆ ಅಡುಗೆಯವರ ವಾಕ್ಯ ಬಿಡಬೇಡಿ, ಅವರನ್ನು ಕೆಲಸ ನಿಲ್ಲಿಸಿ ಹೊರಗೆ ಕರೆಸಿದ್ದೀರಿ.

ನಡುವೆ ಮರೆತು ನಿಂತರೆ ಹಿಂದಕ್ಕೆ ಹೋಗಿ ಹುಡುಕಬೇಡಿ, "ಭಾಳ ಹೇಳೂದಿತ್ತು, ಹಸಿವಿ ಮುಂದ ಎಲ್ಲಾ ಮರತೆ" ಅಂದು ಮುಗಿಸಿ. ನಗು ಬರುತ್ತದೆ, ಊಟ ಶುರುವಾಗುತ್ತದೆ. ಪಂಕ್ತಿಯಲ್ಲಿ ಯಾರೋ ಆಗಲೇ ಉಣ್ಣಲು ಶುರು ಮಾಡಿದ್ದರೆ ಅವರನ್ನು ನಿಲ್ಲಿಸಬೇಡಿ, ಕಣ್ಣಲ್ಲೂ ತಡೆಯಬೇಡಿ.

ನಿಮ್ಮ ಮಾತು ಮುಗಿದ ಮೇಲೆ ಬೀಗರು ತಾವೂ ಎರಡು ಮಾತು ಆಡಬೇಕು ಅಂತ ಏಳಬಹುದು. ಹಿರಿಯರಾದ್ದರಿಂದ ಅವರ ಮಾತು ನಿಮ್ಮದಕ್ಕಿಂತ ಉದ್ದವೇ ಇರುತ್ತದೆ, ಅದು ಅವರ ಹಕ್ಕು. ನೀವು ಮಾಡಬೇಕಾದದ್ದು ಎರಡು: ಗ್ಲಾಸು ಕೆಳಗಿಟ್ಟು ಕೂತುಬಿಡುವುದು, ಮತ್ತು ಬುಟ್ಟಿ ಹಿಡಿದು ಹೊರಟವರಿಗೆ ಕೈ ಸನ್ನೆಯಿಂದ "ಒಂದ ನಿಮಿಷ, ಮುಚ್ಚಿಡ್ರಿ" ಅಂತ ತಿಳಿಸುವುದು. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆ ಸುತ್ತಿ ಮುಚ್ಚಿಟ್ಟರೆ ರೊಟ್ಟಿ ಇನ್ನೊಂದು ಐದು ನಿಮಿಷ ಮೆತ್ತಗೇ ಇರುತ್ತದೆ. ಆ ಬಟ್ಟೆಯನ್ನು ಸಂಜೆಯೇ ಬುಟ್ಟಿಯ ಪಕ್ಕ ಇಟ್ಟಿರಿ.